ಪ್ರಮಾಣಪತ್ರದ ಕೊನೆಯ ನಾಲ್ಕು ಸಾಲು

ಅಭ್ಯಾಸಕ್ಕೆಂದು ನೀವು ಅರ್ಜಿ, ಅಫಿಡವಿಟ್ ಬರೆದ ಡ್ರಾಫ್ಟಿಂಗ್ ರೆಕಾರ್ಡ್‌ಗಳನ್ನು ಈಗಷ್ಟೇ ನೋಡಿ ಮುಗಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಬರೆದದ್ದೆಲ್ಲ ನಿಜ ಎಂದು ಕೊನೆಯಲ್ಲಿ ಹೇಳುವ ಸತ್ಯಾಪನೆ ಹೆಚ್ಚುಕಡಿಮೆ ಎಲ್ಲ ಪುಸ್ತಕದಲ್ಲೂ ಒಂದೇ: "ಮೇಲ್ಕಂಡ ಎಲ್ಲಾ ಅಂಶಗಳು ನನ್ನ ತಿಳುವಳಿಕೆ, ಮಾಹಿತಿ ಮತ್ತು ನಂಬಿಕೆಗೆ ಅನುಸಾರವಾಗಿ ಸತ್ಯವಾಗಿರುತ್ತವೆ." ಯಾವುದು ತಿಳುವಳಿಕೆ, ಯಾವುದು ಮಾಹಿತಿ? ಆ ವಾಕ್ಯ ಅದನ್ನೇ ಹೇಳುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಪಿಸಿಯ ಆದೇಶ 6, ನಿಯಮ 15 ಕೇಳುವುದು ಅದನ್ನೇ. ಯಾವ ಕಂಡಿಕೆ ಸ್ವಂತ ತಿಳುವಳಿಕೆಯದು, ಯಾವುದು ಬೇರೆಯವರಿಂದ ತಿಳಿದು ಸತ್ಯವೆಂದು ನಂಬಿದ್ದು ಎಂದು ಕಂಡಿಕೆಯ ಸಂಖ್ಯೆ ಹಾಕಿ ಹೇಳಬೇಕು. ಕೆಳಗೆ ಸಹಿ, ತಾರೀಖು, ಸ್ಥಳ ಇರಬೇಕು.

ಅಭ್ಯಾಸಕ್ಕೆ ಕೊಟ್ಟಿದ್ದ ಪ್ರಕರಣ ಸುಲಭದ್ದು. 10-06-2025ರಂದು ವಾದಿ ಗೈರುಹಾಜರಾದ ಕಾರಣ ದಾವೆ ವಜಾ ಆಗಿದೆ. ಡೆಂಗಿ ಜ್ವರದಿಂದ ಅವರು 8ರಿಂದ 14ರವರೆಗೆ ಆಸ್ಪತ್ರೆಯಲ್ಲಿದ್ದರು. 9ರಂದು ಮಗ ವಕೀಲರ ಕಚೇರಿಗೆ ಫೋನ್ ಮಾಡಿ ವಿಷಯ ತಿಳಿಸಿದ್ದ. ಕೇಸು ಕರೆದಾಗ ವಕೀಲರು ಬೇರೆ ಕೋರ್ಟ್ ಹಾಲ್‌ನಲ್ಲಿದ್ದರು. ವಜಾ ಆದ ಸುದ್ದಿಯನ್ನು ವಕೀಲರು ವಾದಿಗೆ ಹೇಳಿದ್ದು 16ರಂದು. ದಾವೆಯನ್ನು ಮತ್ತೆ ಕಡತಕ್ಕೆ ತರಲು ಆದೇಶ 9, ನಿಯಮ 9ರ ಅಡಿ ಅರ್ಜಿ ಬರೆಯಬೇಕು. ವಜಾ ಆದ ದಿನದಿಂದ 30 ದಿನ ಗಡುವು. ಜುಲೈ 7ಕ್ಕೆ ಹಾಕಿದರೆ ಅದರೊಳಗೇ ಇರುತ್ತದೆ. ಗಡುವು ದಾಟಿದ್ದರೆ ಮಾತ್ರ ಕಾಲಮಿತಿ ಕಾಯ್ದೆಯ ಕಲಂ 5ರ ಇನ್ನೊಂದು ಅರ್ಜಿ ಬೇಕು. ಸುಮಾರು ಜನ ಅದನ್ನೂ ಸುಮ್ಮನೆ ಲಗತ್ತಿಸಿದ್ದಾರೆ. ಆಗದ ವಿಳಂಬವನ್ನು ನಾವೇ ಒಪ್ಪಿಕೊಂಡಂತೆ ಅದು.

ಇದು ಬಾಕಿ ಇರುವ ದಾವೆಯೊಳಗಿನ ಮಧ್ಯಂತರ ಅರ್ಜಿ, ಅಂದರೆ ಐ.ಎ. ಅಲ್ಲ. ದಾವೆಯೇ ಹೋಗಿಬಿಟ್ಟಿದೆ, ಹಾಗಾಗಿ ಮಿಸಲೇನಿಯಸ್ ಅರ್ಜಿ. ಶೀರ್ಷಿಕೆಯಲ್ಲಿ ಅದರ ಸಂಖ್ಯೆಗೆ ಜಾಗ ಬಿಡಿ, ಹಳೆಯ ಮೂಲ ದಾವೆಯ ಓ.ಎಸ್. ಸಂಖ್ಯೆ ಒಳಗೆ ಬರಲಿ. ಅರ್ಜಿಯಲ್ಲಿ "ಅರ್ಜಿದಾರರು" ಎಂದು ಬರೆಯಿರಿ, ಅದರ ಜೊತೆಗಿನ ಪ್ರಮಾಣಪತ್ರದಲ್ಲಿ, ಅಂದರೆ ಅಫಿಡವಿಟ್‌ನಲ್ಲಿ, "ನಾನು" ಎಂದು. ಪ್ರಮಾಣಪತ್ರದಲ್ಲಿ ಮಾತಾಡುತ್ತಿರುವುದು ಪ್ರಮಾಣ ಮಾಡಿದ ಮನುಷ್ಯ. ಅಲ್ಲಿ "ಅರ್ಜಿದಾರರು ವಿನಮ್ರವಾಗಿ ನಿವೇದಿಸುತ್ತಾರೆ" ಎಂದರೆ ಪ್ರಮಾಣ ಮಾಡಿದವರು ಯಾರು?

ಈಗ ಮತ್ತೆ ಸತ್ಯಾಪನೆಗೆ ಬರುತ್ತೇನೆ. ಅರ್ಜಿಯ ಕಂಡಿಕೆಗಳನ್ನು ಹೀಗೆ ಇಟ್ಟುಕೊಳ್ಳಿ. ಒಂದರಲ್ಲಿ ದಾವೆ ಹೂಡಿದ್ದು, ಎರಡರಲ್ಲಿ ಆಸ್ಪತ್ರೆಯಲ್ಲಿದ್ದದ್ದು, ಮೂರರಲ್ಲಿ ಮಗ ಮಾಡಿದ ಫೋನ್, ನಾಲ್ಕರಲ್ಲಿ ಕೋರ್ಟಿನಲ್ಲಿ ನಡೆದದ್ದು, ಐದರಲ್ಲಿ ಇದು ಕಾನೂನಿನ ಪ್ರಕಾರ ಸಾಕಷ್ಟು ಕಾರಣ ಎಂಬ ಮಾತು. ಮೊದಲ ಎರಡು ವಾದಿಯ ಸ್ವಂತ ತಿಳುವಳಿಕೆ. ಮೂರನೆಯದು ಅಲ್ಲ. ಅವರು ಹಾಸಿಗೆಯಲ್ಲಿದ್ದರು, ಫೋನ್ ಮಾಡಿದ್ದು ಮಗ. ಆದರೂ ಎಲ್ಲರೂ ಅದನ್ನು ಸ್ವಂತ ತಿಳುವಳಿಕೆಗೇ ಸೇರಿಸಿದ್ದಾರೆ. ಪಾಟೀಸವಾಲಿನಲ್ಲಿ ಎದುರು ವಕೀಲರು "ಮಗ ಫೋನ್ ಮಾಡಿದಾಗ ನೀವು ಕೇಳಿಸಿಕೊಂಡಿರಾ?" ಎಂದು ಒಂದೇ ಪ್ರಶ್ನೆ ಹಾಕಿದರೆ ಸಾಕು. "ಇಲ್ಲ" ಎಂದ ಕೂಡಲೇ, ಪ್ರಮಾಣ ಮಾಡಿ ಹೇಳಿದ್ದು ಸುಳ್ಳಾಯಿತು ಎಂಬ ಆರೋಪ ಬರುತ್ತದೆ. ಡಿಸ್ಚಾರ್ಜ್ ಸಮ್ಮರಿ ಇರುವ ನಿಜವಾದ ಕಾಯಿಲೆಯ ಮೇಲೂ ಅನುಮಾನ ಬೀಳುತ್ತದೆ.

ಹಾಗಾಗಿ ಹೀಗೆ ಬರೆಯಿರಿ:

"ಕಂಡಿಕೆ 1 ಮತ್ತು 2ರ ಅಂಶಗಳು ನನ್ನ ಸ್ವಂತ ತಿಳುವಳಿಕೆಯಿಂದ ಸತ್ಯ. ಕಂಡಿಕೆ 3ರ ಅಂಶಗಳು ನನ್ನ ಮಗನಿಂದ, ಕಂಡಿಕೆ 4ರವು ನನ್ನ ವಕೀಲರಿಂದ ಹಾಗೂ ನ್ಯಾಯಾಲಯದ ಆರ್ಡರ್ ಶೀಟ್‌ನಿಂದ ತಿಳಿದು ಸತ್ಯವೆಂದು ನಂಬಿರುತ್ತೇನೆ. ಕಂಡಿಕೆ 5 ಕಾನೂನು ಸಲಹೆಯ ಮೇಲೆ ಹೇಳಿದ್ದು, ಅದನ್ನು ಸತ್ಯವೆಂದು ನಂಬಿರುತ್ತೇನೆ."

ಪ್ರಮಾಣಪತ್ರಕ್ಕೂ ಇದೇ ಕ್ರಮ ಇರಲಿ. ಆದೇಶ 19, ನಿಯಮ 3ರ ಪ್ರಕಾರ ಪ್ರಮಾಣಪತ್ರದಲ್ಲಿ ಸ್ವಂತ ತಿಳುವಳಿಕೆಯ ಅಂಶಗಳಷ್ಟೇ ಇರಬೇಕು. ಮಧ್ಯಂತರ ಅರ್ಜಿಗಳಲ್ಲಿ ಮಾತ್ರ ನಂಬಿಕೆಯ ಮಾತಿಗೆ ಅವಕಾಶ ಉಂಟು, ಅದೂ ನಂಬಿಕೆಗೆ ಆಧಾರ ಹೇಳಿದರೆ. ಮಾಹಿತಿಯ ಮೂಲ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 1952ರಲ್ಲೇ ಪುರುಷೋತ್ತಮ್ ಜೋಗ್ ನಾಯಕ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಫೋನಿನ ವಿಷಯಕ್ಕೆ ಮಗನಿಂದಲೇ ಇನ್ನೊಂದು ಪ್ರಮಾಣಪತ್ರ ಹಾಕಿಸುವುದು ಎಲ್ಲಕ್ಕಿಂತ ಒಳ್ಳೆಯದು.

"ಸತ್ಯಾಪನೆಯ ದೋಷ ಸರಿಪಡಿಸಬಹುದಾದ್ದು, ಅಷ್ಟಕ್ಕೇ ಅರ್ಜಿ ಬಿದ್ದುಹೋಗಲ್ಲ" ಅಂತ ಯಾರಾದರೂ ಹೇಳುತ್ತೀರಿ. ಹೌದು, ಸರಿಪಡಿಸಬಹುದು. ಆದರೆ ಸರಿಪಡಿಸಲು ಒಂದು ವಾಯಿದೆ ಹೋಗುತ್ತದೆ, ಕಕ್ಷಿದಾರ ಊರಿಂದ ಮತ್ತೆ ಬಸ್ಸು ಹತ್ತಿ ಬರಬೇಕಾಗುತ್ತದೆ. ಪಾಟೀಸವಾಲಿನಲ್ಲಿ ಬಂದ ಉತ್ತರವನ್ನಂತೂ ಯಾವ ತಿದ್ದುಪಡಿಯೂ ಅಳಿಸುವುದಿಲ್ಲ.

ಇನ್ನೊಂದು ಪುಸ್ತಕದಲ್ಲಿ ಪ್ರಮಾಣಪತ್ರದ ತಾರೀಖು ಜುಲೈ 5, ನೋಟರಿ ಮುದ್ರೆಯದ್ದು ಜುಲೈ 3. ಬರೆಯದ ಕಾಗದಕ್ಕೆ ಪ್ರಮಾಣ ಬೋಧಿಸಿದ ಹಾಗಾಯಿತು. ನೋಟರಿ ಎದುರಿಗೇ ಸಹಿ ಹಾಕಿಸಿ, ಖಾಲಿ ಹಾಳೆಗೆ ಎಂದೂ ಬೇಡ. ತಿದ್ದಿದ ಕಡೆಯೆಲ್ಲ ಕಿರುಸಹಿ ಇರಲಿ. ಕೊನೆಗಳಿಗೆಯಲ್ಲಿ ಒಂದು ಕಂಡಿಕೆ ಸೇರಿಸಿದರೆ ಸಂಖ್ಯೆಗಳೆಲ್ಲ ಜರುಗುತ್ತವೆ. ಹಾಗಾಗಿ ಪ್ರಿಂಟ್ ತೆಗೆಯುವ ಮುಂಚೆ ಸತ್ಯಾಪನೆಯನ್ನು ಒಂದೊಂದೇ ಕಂಡಿಕೆಯ ಪಕ್ಕ ಇಟ್ಟು ಓದಿ, "ಇದು ನಿಮಗೆ ಹೇಗೆ ಗೊತ್ತು?" ಎಂದು ಕಕ್ಷಿದಾರರನ್ನೇ ಕೇಳಿ.