ಎಣಿಕೆ ಸಮ ಇದ್ದಾಗಲೂ ವ್ಯತ್ಯಾಸ ಕಂಡಿದೆ

"ಕೂಸುಗಳು ಜಾಸ್ತಿ ಸಲ ಕೇಳಿದ್ದನ್ನೇ ಪದ ಎಂದು ಹಿಡಿಯುತ್ತವೆ."

ಇದನ್ನು ಒಪ್ಪಲಾರೆ. 1998ರಲ್ಲಿ ಆಸ್ಲಿನ್, ಸ್ಯಾಫ್ರನ್, ನ್ಯೂಪೋರ್ಟ್ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಎಂಟು ತಿಂಗಳ ಮಕ್ಕಳಿಗೆ ಅರ್ಥವಿಲ್ಲದ ನಾಲ್ಕು ಪದಗಳನ್ನು ಎಲ್ಲೂ ನಿಲ್ಲಿಸದೆ ಕೇಳಿಸಿದರು. ಎರಡು ಪದ ಉಳಿದೆರಡಕ್ಕಿಂತ ದುಪ್ಪಟ್ಟು ಸಲ ಬರುತ್ತಿದ್ದವು. ಹಾಗಾಗಿ ಹೆಚ್ಚು ಸಲ ಬರುವ ಆ ಎರಡು ಅಕ್ಕಪಕ್ಕ ಬಂದಾಗ ಒಂದರ ಕೊನೆಯೂ ಇನ್ನೊಂದರ ಮೊದಲೂ ಸೇರಿ, ಗಡಿ ದಾಟಿ ಹುಟ್ಟುವ ತುಣುಕೂ ಅಪರೂಪದ ಪದವೂ ಅಷ್ಟೇ ಸಲ ಕೇಳಿಸಿದವು. ಆದರೆ ಪದದೊಳಗೆ ಒಂದು ಅಕ್ಷರದ ಮುಂದೆ ಇನ್ನೊಂದು ಬರುವ ಸಂಭವ 1, ತುಣುಕಿನೊಳಗಿನ ಪದಗಳ ಗಡಿಯಲ್ಲಿ 0.5. ಮಕ್ಕಳು ತುಣುಕನ್ನೇ ಹೆಚ್ಚು ಹೊತ್ತು ಆಲಿಸಿದವು, ಅಂದರೆ ಅದು ಹೊಸದಾಗಿ ಕೇಳಿಸಿತು. ಬರೀ ಎಣಿಕೆಯಾಗಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ?

ಮಿತಿಯೂ ಇದೆ. ಅಲ್ಲಿನ ಪದಗಳೆಲ್ಲ ಮೂರಕ್ಷರದವು. 2010ರಲ್ಲಿ ಜಾನ್ಸನ್ ಮತ್ತು ಟೈಲರ್ ಬೇರೆ ಬೇರೆ ಉದ್ದದ ಪದ ಬೆರೆಸಿದಾಗ ಮಕ್ಕಳಿಗೆ ಬಿಡಿಸಲು ಆಗಲಿಲ್ಲ.