ನಂಬರ್ ಅಂದರೆ ತಂತಿಯ ಜಾಗ
"ಮೂರೇ ಅಂಕಿಯ ಫೋನ್ ನಂಬರ್ ಹೇಗೆ ಸಾಕಾಗ್ತಿತ್ತು?"

ಕರೆಯನ್ನು ಯಂತ್ರವೇ ಜೋಡಿಸುತ್ತಿದ್ದ ಹಳೆಯ ಸ್ಟ್ರೋಜರ್ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ನಂಬರನ್ನು ಸುಮ್ನೆ ಕೊಡುತ್ತಿರಲಿಲ್ಲ. ನಿಮ್ಮ ತಂತಿ ಎಲ್ಲಿ ಬಂದು ಕೂತಿದೆಯೋ ಅದೇ ನಂಬರ್. ತಿರುಗಿಸಿದ ಅಂಕಿಯಂತೆ ಚಲಿಸಿ ಕರೆಯನ್ನು ಮುಂದಕ್ಕೆ ಜೋಡಿಸುವ ಸ್ವಿಚ್ಚೇ ಸೆಲೆಕ್ಟರ್. ಕೊನೆಯ ಸೆಲೆಕ್ಟರ್‌ನಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ಜಾಗ, ಅಂದರೆ 100 ಲೈನ್.

347 ತಿರುಗಿಸಿದಿರಿ ಅನ್ನಿ. 3ಕ್ಕೆ ಮೊದಲ ಸೆಲೆಕ್ಟರ್ ಮೂರು ಮೆಟ್ಟಿಲು ಹತ್ತಿ, ಮುನ್ನೂರರ ಗುಂಪಿನಲ್ಲಿ ಖಾಲಿ ಇರುವ ಕೊನೆಯ ಸೆಲೆಕ್ಟರ್ ಒಂದನ್ನು ತಾನೇ ಹುಡುಕಿಕೊಳ್ಳುತ್ತದೆ. 4ಕ್ಕೆ ಆ ಕೊನೆಯ ಸೆಲೆಕ್ಟರ್ ಟಕ ಟಕ ಅಂತ ನಾಲ್ಕನೇ ಸಾಲಿಗೆ ಏರುತ್ತದೆ. 7ಕ್ಕೆ ಏಳು ಹೆಜ್ಜೆ ಪಕ್ಕಕ್ಕೆ ತಿರುಗುತ್ತದೆ. ಅಲ್ಲೇ ಆ ನಂಬರಿನ ತಂತಿ! (0ಗೆ ಹತ್ತು ಟಕಟಕ, ಅದಕ್ಕೇ ಡಯಲ್‌ನಲ್ಲಿ ಅದು 9ರ ಆಚೆ.)

ಒಂದು ಅಂಕಿ ಜಾಸ್ತಿ ಮಾಡಿದರೆ ಇನ್ನೊಂದು ಹಂತದ ಸೆಲೆಕ್ಟರ್ ಕೂರಿಸಬೇಕು. ಬೇಕಿಲ್ಲದೆ ಯಾರು ಆ ಖರ್ಚು ಮಾಡ್ತಾರೆ, ಅಲ್ವಾ? 0 ಬೇರೆ ಊರಿನ ಟ್ರಂಕ್ ಕರೆಗೆ, 1 ವಿಶೇಷ ಸೇವೆಗೆ ಹೋದರೂ ಮೂರಂಕಿಯಲ್ಲಿ 800 ಮನೆಗೆ ಕೊಡಬಹುದಿತ್ತು. ಚಿಕ್ಕ ಊರಿಗೆ ಅದು ಧಾರಾಳ.

ಊರಲ್ಲಿ ಎರಡನೇ ಎಕ್ಸ್‌ಚೇಂಜ್ ಬಂದಾಗ ಯಾವುದಕ್ಕೆ ಹೋಗಬೇಕು ಅಂತ ಹೇಳುವ ಅಂಕಿ ಮುಂದೆ ಸೇರಿತು. ನಾವು ನಾಲ್ಕು ಬೀದಿ ಆಚೆ ಮನೆ ಬದಲಿಸಿದಾಗ ಎಕ್ಸ್‌ಚೇಂಜ್ ಬೇರೆಯಾಯಿತು, ನಂಬರೂ ಹೋಯಿತು. ಅಪ್ಪ ನೆಂಟರಿಗೆಲ್ಲ ಕಾರ್ಡ್ ಬರೆದು ಸುಸ್ತಾದರು.