ವಳಿ ಎಂಬ ಊರು

ಭಾವ ಸತ್ಯಮಂಗಲದ ಬಸ್ ಸ್ಟ್ಯಾಂಡಿನಿಂದ ವೇಳಾಪಟ್ಟಿಯ ಫೋಟೋ ಕಳಿಸಿದರು. "ಚಾಮರಾಜನಗರಕ್ಕೆ ಬಸ್ಸು ಎಷ್ಟೊತ್ತಿಗೆ ಅಂತ ನೋಡಿ ಹೇಳು, ನಿಂಗೆ ತಮಿಳು ಬರುತ್ತಲ್ಲ." ಬರುತ್ತೆ, ಸಿನಿಮಾ ನೋಡೋವಷ್ಟು. ಓದೋಕೆ ಬರುತ್ತೆ ಅಂತ ನಾನು ಯಾವತ್ತೂ ಹೇಳಿರಲಿಲ್ಲ. ಎದುರಿಗಿದ್ದ ಕಂಡಕ್ಟರನ್ನು ಕೇಳೋಕೆ ಇವರಿಗೇನು ಕಷ್ಟವೋ.

ಪಕ್ಕದ ಮನೆ ಹುಡುಗನ ತಮಿಳು ಅಕ್ಷರಮಾಲೆ ತಂದು ಕೂತೆ. ಅಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ. ಪದದ ಮೊದಲಲ್ಲಿ ಗಟ್ಟಿ, ನಡುವೆ ಮೆತ್ತಗೆ ಅನ್ನೋ ಲೆಕ್ಕ ಇದೆಯಂತೆ. ಊರ ಹೆಸರುಗಳಿಗೆ ಆ ಲೆಕ್ಕ ಗೊತ್ತಿದ್ದಂತಿಲ್ಲ. ಬಣ್ಣಾರಿ ನನಗೆ ಪಣ್ಣಾರಿ ಆಯಿತು. ಗೋಬಿ ಅನ್ನೋದು ಕೋಪಿ. ಅಷ್ಟು ಹೊತ್ತಿಗೆ ಕೋಪಿ ನಾನೇ ಆಗಿದ್ದೆ.

ಆದರೆ ನನ್ನನ್ನು ನಿಜವಾಗಿ ಆಟ ಆಡಿಸಿದ್ದು ವಳಿ. ಮೂರು ಸಾಲಿಗೊಮ್ಮೆ ವಳಿ. ಇಷ್ಟು ಬಸ್ಸು ಹೋಗೋ ಊರಿನ ಹೆಸರನ್ನೇ ನಾನು ಕೇಳಿಲ್ಲವಲ್ಲ! ಮ್ಯಾಪ್ ತೆಗೆದೆ, ಸಿಗಲಿಲ್ಲ. ಬಣ್ಣಾರಿಯ ಪಕ್ಕ ಹೊಸ ಜಾತ್ರೆಯ ಊರು ಇರಬಹುದು ಅಂದುಕೊಂಡೆ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ಯಾವುದಾದರೂ ಒಂದರ ಹೆಸರೂ ಇರಬಹುದು. ನನ್ನಾಕೆಗೆ "ವಳಿಗೆ ಒಂದು ಸಲ ಹೋಗಿಬರೋಣ" ಅಂತಲೂ ಹೇಳಿಬಿಟ್ಟೆ. ಅವಳು "ಅಲ್ಲಿ ಏನು ಸಿಗುತ್ತೆ" ಅಂದಳು. ಕಡೆಗೆ ಆ ಹುಡುಗನೇ ಬಂದು ನೋಡಿ ನಕ್ಕ. "ಅಂಕಲ್, ವಳಿ ಅಂದ್ರೆ ದಾರಿ. ಬಣ್ಣಾರಿ ದಾರಿಯಾಗಿ ಅಂತ." ನಾಲಿಗೆಯನ್ನು ಮಡಿಸಿ ಎಳೆಯುವ ಆ ಕೊನೇ ಅಕ್ಷರ ಹಳಗನ್ನಡದಲ್ಲೂ ಇತ್ತು. ನಮ್ಮವರು ಅದನ್ನು ಕೈಬಿಟ್ಟರು. ಬಿಡದೇ ಇದ್ದಿದ್ದರೆ ನಾನು ಹೀಗೆ ನಗೆಪಾಟಲು ಆಗುತ್ತಿರಲಿಲ್ಲ.

ಚಾಮರಾಜನಗರ ಸಿಕ್ಕಿದ್ದು ಜ ಅಕ್ಷರದಿಂದ. ತಮಿಳಿನಲ್ಲಿ ಅದು ಸಂಸ್ಕೃತದ ಸದ್ದುಗಳಿಗೆ ತಂದುಕೊಂಡ ಗ್ರಂಥ ಲಿಪಿಯ ಅಕ್ಷರ. ಊರಿನ ಹೆಸರುಗಳ ನಡುವೆ ಒಂಟಿಯಾಗಿ ಕಾಣುತ್ತೆ. ಹೆಸರಿನ ಎದುರಿಗೆ 4.15 ಇತ್ತು, ಪಕ್ಕದಲ್ಲಿ "ಮಾ" ಅಂತ ಒಂದು ಚುಕ್ಕಿ. ಮಾಲೈ, ಅಂದರೆ ಸಂಜೆ. ಬರೆದು ಕಳಿಸೋಕೆ ಹೊರಟೆ.

ಸುಮ್ನೆ ಒಮ್ಮೆ ಸಾಲು ಎಣಿಸಿದೆ. ಊರುಗಳು ಹದಿನಾಲ್ಕು, ಸಮಯಗಳು ಹದಿನೈದು. ಭಾವ ಫೋಟೋವನ್ನು ಕೆಳಗಿನಿಂದ ಓರೆಯಾಗಿ ತೆಗೆದಿದ್ದರು, ನಡುವೆ ಫ್ಲ್ಯಾಶಿನ ಬೆಳ್ಳಿ ಬೆಳಕು ಬೇರೆ. ಅದರ ಕೆಳಗೆ ಯಾವುದೋ ಊರಿಗೆ ಎರಡು ಸಮಯ ಇತ್ತು ಅನ್ನಿಸುತ್ತೆ. ಹಾಗಾದರೆ ಅಲ್ಲಿಂದ ಕೆಳಗೆ ಎಲ್ಲವೂ ಒಂದೊಂದು ಸಾಲು ಜಾರಿದೆ. ರೇಷನ್ ಕಾರ್ಡಿನ ಅಂಚನ್ನು ಪರದೆಗೆ ಒತ್ತಿ, ಕೆಳಗಿನ ಸಾಲಿನಿಂದ ಮೇಲಕ್ಕೆ ಎಣಿಸಿದೆ. ಈಗ ಚಾಮರಾಜನಗರಕ್ಕೆ 5.40 ಬಂತು.

ಭಾವನಿಗೆ ಫೋನ್ ಮಾಡಿದೆ. ಹಿಂದೆ ಬಸ್ಸಿನ ಸದ್ದು, ಬೆಳ್ಳುಳ್ಳಿ ಮಾರುವವನ ಕೂಗು.

"ಯಾವ ಬಸ್ಸು ಹತ್ತಿದಿರಿ?"

"ಗೊತ್ತಿಲ್ಲಪ್ಪ, ಇದು ಹೋಗುತ್ತೆ ಅಂದರು. ಬೋರ್ಡಿನಲ್ಲಿ ವಳಿ ಅಂತೇನೋ ಇತ್ತು. ಅದು ಯಾವ ಊರು?"